ಮೊದಲು ಗುರಿ ಮುಟ್ಟಿದ ದೋಣಿ ಯಾಕೆ ಗೆಲ್ಲಲಿಲ್ಲ?

ವಿಡಿಯೋ ನೋಡೋಕೆ ಟೈಮ್ ಸಿಗದವರಿಗೆ, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋರಿಗೆ, ಈ ವಾರದ ಮಾತನ್ನ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೀನಿ.

ಮುಂಬೈನಲ್ಲಿರೋರು ಗೇಟ್‌ವೇ ಹತ್ತಿರ, ಹೈದರಾಬಾದ್‌ನಲ್ಲಿರೋರು ಹುಸೇನ್ ಸಾಗರದಲ್ಲಿ ಬಿಳಿ ಹಾಯಿ ಕಟ್ಟಿದ ದೋಣಿಗಳನ್ನ ನೋಡಿರ್ತೀರಿ. ಬೆಂಗಳೂರಲ್ಲಿದ್ದಾಗ ಹಲಸೂರು ಕೆರೆಯಲ್ಲೂ ಕೆಲವರು ನೋಡಿರಬಹುದು. ನಾನು ಮೊದಲ ಸಲ ಹಾಯಿದೋಣಿ ರೇಸ್ ನೋಡಿದಾಗ ತಲೆಬುಡ ಅರ್ಥ ಆಗಲಿಲ್ಲ. ಗುರಿ ಒಂದು ಕಡೆ ಇದೆ, ದೋಣಿಗಳು ಇನ್ನೊಂದು ಕಡೆ ಹೋಗ್ತಿವೆ. ಒಂದು ಎಡಕ್ಕೆ, ಒಂದು ಬಲಕ್ಕೆ. ಯಾರು ಮುಂದಿದ್ದಾರೆ ಅಂತಾನೇ ಗೊತ್ತಾಗಲ್ಲ. ಕೊನೆಗೆ ಯಾರೋ ಮೊದಲು ಬಂದ್ರು, ಗೆದ್ದೋರು ಬೇರೆ ಯಾರೋ!

ಇದನ್ನ ಅರ್ಥ ಮಾಡ್ಕೊಳ್ಳೋಕೆ ಒಂದೇ ಒಂದು ರೇಸ್ ತಗೊಳ್ಳೋಣ. 2017ರ ಸಿಡ್ನಿ–ಹೋಬಾರ್ಟ್ ರೇಸ್. ಆಸ್ಟ್ರೇಲಿಯಾದ ಸಿಡ್ನಿ ಬಂದರಿನಿಂದ ಶುರುವಾಗಿ, ದಕ್ಷಿಣಕ್ಕೆ ಸಮುದ್ರದಲ್ಲಿ 628 ನಾಟಿಕಲ್ ಮೈಲಿ ಸಾಗಿ, ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ ಮುಗಿಯುವ ರೇಸ್ ಇದು. ನಮ್ಮ ಲೆಕ್ಕದಲ್ಲಿ 1,160 ಕಿಲೋಮೀಟರ್ ಹತ್ತಿರ. ಪ್ರತಿ ವರ್ಷ ಡಿಸೆಂಬರ್ 26ರ ಮಧ್ಯಾಹ್ನ ಒಂದು ಗಂಟೆಗೆ ಶುರು.

ಆ ವರ್ಷ ಹೋಬಾರ್ಟ್‌ನ ಗೆರೆ ಮೊದಲು ದಾಟಿದ್ದು ವೈಲ್ಡ್ ಓಟ್ಸ್ ಇಲೆವೆನ್ ಅನ್ನೋ ದೋಣಿ. ತಗೊಂಡ ಸಮಯ 1 ದಿನ 8 ಗಂಟೆ 48 ನಿಮಿಷ 50 ಸೆಕೆಂಡ್. ಎರಡನೆಯದು ಕೊಮಾಂಚಿ, 1 ದಿನ 9 ಗಂಟೆ 15 ನಿಮಿಷ 24 ಸೆಕೆಂಡ್. ಮಧ್ಯದ ಅಂತರ 26 ನಿಮಿಷ 34 ಸೆಕೆಂಡ್. ಆದರೆ 'ಮೊದಲು ಬಂದ ದೋಣಿ' ಅನ್ನೋ ಗೌರವ ಸಿಕ್ಕಿದ್ದು ಕೊಮಾಂಚಿಗೆ. ಇನ್ನು ರೇಸಿನ ಒಟ್ಟಾರೆ ವಿಜೇತರಿಗೆ ಕೊಡುವ ಟ್ಯಾಟರ್‌ಸಾಲ್ ಕಪ್ ಹೋಗಿದ್ದು ಇವೆರಡಕ್ಕೂ ಅಲ್ಲ. ಹಲವು ಗಂಟೆ ತಡವಾಗಿ ಬಂದ, ಇವುಗಳ ಅರ್ಧದಷ್ಟು ಉದ್ದದ ಇಚಿ ಬಾನ್ ಅನ್ನೋ ದೋಣಿಗೆ.

ಒಂದೇ ರೇಸ್, ಮೂರು ದೋಣಿ, 'ಯಾರು ಗೆದ್ದರು' ಅನ್ನೋದಕ್ಕೆ ಮೂರು ಉತ್ತರ. ಇದರ ಹಿಂದೆ ಮೂರು ವಿಷಯ ಇದೆ: ಗಾಳಿಗೆ ಎದುರಾಗಿ ಹೋಗೋದು ಹೇಗೆ, ದಾರಿಯಲ್ಲಿ ಎದುರಾದರೆ ಯಾರು ಬಿಟ್ಟುಕೊಡಬೇಕು, ದೊಡ್ಡ ದೋಣಿಯನ್ನೂ ಚಿಕ್ಕದನ್ನೂ ಹೋಲಿಸೋದು ಹೇಗೆ. ಒಂದೊಂದಾಗಿ ನೋಡೋಣ.

ಗಾಳಿಗೆ ಎದುರು: ಘಾಟಿ ರಸ್ತೆಯ ಲೆಕ್ಕ

ಗಾಳಿ ಹಿಂದಿನಿಂದ ಬಂದರೆ ದೋಣಿ ಮುಂದೆ ಹೋಗುತ್ತೆ, ಇದರಲ್ಲಿ ಆಶ್ಚರ್ಯ ಇಲ್ಲ. ಗುರಿ ಇರೋದೇ ಗಾಳಿ ಬರ್ತಿರೋ ಕಡೆಗೆ ಅಂದ್ರೆ? ನೇರವಾಗಿ ಹೋಗೋಕೆ ಆಗಲ್ಲ. ಮೂತಿಯನ್ನ ಗಾಳಿಗೆ ನೇರ ತಿರುಗಿಸಿದರೆ ಹಾಯಿ ಪಟಪಟ ಬಡ್ಕೊಳ್ಳುತ್ತೆ, ದೋಣಿ ನಿಂತುಬಿಡುತ್ತೆ.

ಆದರೆ ಗಾಳಿಯಿಂದ ಸುಮಾರು 45 ಡಿಗ್ರಿ ಓರೆಯಾಗಿ ಹೋಗಬಹುದು. ಅಷ್ಟು ಓರೆಯಲ್ಲಿ ಹಾಯಿಯನ್ನ ಬಿಗಿಯಾಗಿ ಎಳೆದು ಕಟ್ಟಿದರೆ, ಗಾಳಿ ದೋಣಿಯನ್ನ ಬಹುಪಾಲು ಪಕ್ಕಕ್ಕೆ, ಸ್ವಲ್ಪ ಮುಂದಕ್ಕೆ ತಳ್ಳುತ್ತೆ. ದೋಣಿಯ ಅಡಿಯಲ್ಲಿ ನೀರಿಗೆ ಇಳಿದಿರುವ ರೆಕ್ಕೆಯಂಥ ಭಾಗ ಇರುತ್ತೆ, ಅದನ್ನ ಕೀಲ್ ಅಂತಾರೆ. ಪಕ್ಕಕ್ಕೆ ಜಾರೋಕೆ ಅದು ಬಿಡಲ್ಲ. ಒದ್ದೆ ಹುಣಸೆಬೀಜವನ್ನ ಎರಡು ಬೆರಳಿನ ಮಧ್ಯೆ ಒತ್ತಿದರೆ ಮುಂದಕ್ಕೆ ಚಿಮ್ಮುತ್ತಲ್ಲ, ಹಾಗೆ. ಇಲ್ಲಿ ಒಂದು ಬೆರಳು ಗಾಳಿ, ಇನ್ನೊಂದು ನೀರು.

ಹಾಗಾಗಿ ಗಾಳಿಯ ಕಡೆ ಹೋಗಬೇಕಾದ ದೋಣಿ ಸ್ವಲ್ಪ ಹೊತ್ತು ಎಡಕ್ಕೆ ಓರೆ, ಆಮೇಲೆ ತಿರುಗಿ ಬಲಕ್ಕೆ ಓರೆ. ಆಗುಂಬೆ ಘಾಟಿ ರಸ್ತೆ ಹತ್ತಿದ ಹಾಗೆ. ಮೂತಿಯನ್ನ ಗಾಳಿಯ ಮೂಲಕ ದಾಟಿಸಿ ಇನ್ನೊಂದು ಓರೆಗೆ ತರುವ ಆ ತಿರುವಿಗೇ ಟ್ಯಾಕ್ ಅಂತ ಹೆಸರು. ಯಾವ ಓರೆಯಲ್ಲಿ ಹೋಗ್ತಿದೆ ಅನ್ನೋದಕ್ಕೂ ಅದೇ ಪದ. ಗಾಳಿ ದೋಣಿಯ ಬಲಮಗ್ಗುಲಿಗೆ ಬೀಳ್ತಿದ್ದರೆ ಅದು ಸ್ಟಾರ್‌ಬೋರ್ಡ್ ಟ್ಯಾಕ್, ಎಡಮಗ್ಗುಲಿಗೆ ಬೀಳ್ತಿದ್ದರೆ ಪೋರ್ಟ್ ಟ್ಯಾಕ್. ಈ ಎರಡು ಹೆಸರು ನೆನಪಿಟ್ಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ.

ಈಗ ಲೆಕ್ಕ. ಗುರಿ ಗಾಳಿಗೆ ನೇರ ಎದುರು 1,000 ಮೀಟರ್ ದೂರದಲ್ಲಿದೆ ಅಂತಿಟ್ಕೊಳ್ಳಿ. ಒಂದೇ ಸಲ ತಿರುಗುವ ಪ್ಲಾನ್ ಮಾಡಿದರೆ ಎಡಕ್ಕೆ 707 ಮೀಟರ್, ಬಲಕ್ಕೆ 707 ಮೀಟರ್, ಒಟ್ಟು 1,414. ಹತ್ತು ಸಲ ತಿರುಗಿದರೆ? ಅದೂ 1,414. ಮೆಟ್ಟಿಲು ಚಿಕ್ಕದಾದರೂ ದೊಡ್ಡದಾದರೂ ಒಟ್ಟು ದೂರ ಅಷ್ಟೇ. ದೂರ ಒಂದೇ ಆದರೂ ಪ್ರತಿ ತಿರುವಿನಲ್ಲಿ ವೇಗ ಇಳಿಯುತ್ತೆ, ಅದು ಮತ್ತೆ ಏರೋಕೆ ಕೆಲವು ಸೆಕೆಂಡ್ ಬೇಕು. ಒಂದು ಟ್ಯಾಕ್‌ಗೆ ಐದು ಸೆಕೆಂಡ್ ನಷ್ಟ ಅಂದ್ರೂ ಹತ್ತು ಟ್ಯಾಕ್ ಮಾಡಿದವನು 45 ಸೆಕೆಂಡ್ ಹಿಂದೆ.

ಹಾಗಾದ್ರೆ ಎಲ್ಲರೂ ಒಂದೇ ಸಲ ಯಾಕೆ ತಿರುಗಲ್ಲ? ಗಾಳಿ ಒಂದೇ ದಿಕ್ಕಿನಲ್ಲಿ ನಿಲ್ಲಲ್ಲ, ಅದಕ್ಕೆ. ಅಕ್ಕಪಕ್ಕದಲ್ಲಿ 100 ಮೀಟರ್ ಅಂತರದಲ್ಲಿ ಸಮಸಮ ಇರೋ ಎರಡು ದೋಣಿ ಕಲ್ಪಿಸ್ಕೊಳ್ಳಿ. ಗಾಳಿ 10 ಡಿಗ್ರಿ ಬಲಕ್ಕೆ ತಿರುಗಿತು. ಯಾರೂ ಏನೂ ಮಾಡದೇನೇ ಬಲಗಡೆಯ ದೋಣಿ ಈಗ ಗಾಳಿಯ ಕಡೆಗೆ 17 ಮೀಟರ್ ಹತ್ತಿರ. ಓರೆ ದಾರಿಯಲ್ಲಿ ಅಳೆದರೆ 24 ಮೀಟರ್ ಮುನ್ನಡೆ. ಟ್ಯಾಕ್ ಮಾಡೋಕೆ ಒಳ್ಳೆ ಕಾರಣ ಅಂದ್ರೆ ಇದೇ. ಗಾಳಿ ತಿರುಗಿ ನಿಮ್ಮ ಮೂತಿಯನ್ನ ಗುರಿಯಿಂದ ದೂರ ತಳ್ತಾ ಇದ್ದರೆ, ಅದೇ ಗಾಳಿ ಇನ್ನೊಂದು ಓರೆಯಲ್ಲಿ ನಿಮ್ಮನ್ನ ಗುರಿಗೆ ಹತ್ತಿರ ಒಯ್ಯುತ್ತೆ. ಆಗ ತಿರುಗಬೇಕು. ಐದು ಸೆಕೆಂಡ್ ಕಳ್ಕೊಂಡು ಅದಕ್ಕಿಂತ ಹೆಚ್ಚು ಗಳಿಸೋದು.

ಇನ್ನೊಂದು ವಿಷಯ. ಎಲ್ಲರೂ ಓರೆಯಾಗಿ ಎಡಬಲ ಹೋಗ್ತಿದ್ದಾರೆ ಅಂದ್ರೆ ದಾರಿಗಳು ಅಡ್ಡ ದಾಟ್ತಾನೇ ಇರ್ತವೆ. ನೀರಿನ ಮೇಲೆ ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ. ಅಲ್ಲೇ ಎರಡನೇ ವಿಷಯ ಬರುತ್ತೆ.

ದಾರಿ ಯಾರದು?

ಅಡ್ಡ ಬರುವ ಎರಡು ದೋಣಿ ಬೇರೆಬೇರೆ ಓರೆಯಲ್ಲಿದ್ದರೆ ನಿಯಮ ಒಂದೇ ಸಾಲಿನದು: ಪೋರ್ಟ್ ಟ್ಯಾಕ್‌ನಲ್ಲಿರೋದು ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿರೋದಕ್ಕೆ ದಾರಿ ಬಿಡಬೇಕು. ಅಂತಾರಾಷ್ಟ್ರೀಯ ನಿಯಮ ಪುಸ್ತಕದಲ್ಲಿ ಇದು ನಿಯಮ 10. ಎರಡೂ ಒಂದೇ ಓರೆಯಲ್ಲಿ ಅಕ್ಕಪಕ್ಕ ಇದ್ದರೆ, ಗಾಳಿ ಬರುವ ಕಡೆ ಇರೋದು ಇನ್ನೊಂದಕ್ಕೆ ದಾರಿ ಬಿಡಬೇಕು. ಅದು ನಿಯಮ 11.

ಮೂರನೆಯದು ನಿಯಮ 13. ನಮ್ಮ ಕಥೆಗೆ ಇದೇ ಮುಖ್ಯ. ಟ್ಯಾಕ್ ಮಾಡುವಾಗ ಮೂತಿ ಗಾಳಿಯ ದಿಕ್ಕು ದಾಟಿದ ಕ್ಷಣದಿಂದ ಹೊಸ ಓರೆಗೆ ಪೂರ್ತಿ ಬಂದು ನಿಲ್ಲೋವರೆಗೆ ನಿಮಗೆ ಯಾವ ಹಕ್ಕೂ ಇಲ್ಲ. ಆ ಮಧ್ಯಂತರದಲ್ಲಿ ಉಳಿದವರಿಂದ ದೂರ ಇರೋದು ನಿಮ್ಮ ಜವಾಬ್ದಾರಿ. ಡೇಟಾಬೇಸ್ ಭಾಷೆಯಲ್ಲಿ ಹೇಳೋದಾದ್ರೆ, ಕಮಿಟ್ ಆಗೋವರೆಗೂ ನೀವು ಸ್ಟಾರ್‌ಬೋರ್ಡ್ ಅಲ್ಲ. ಕಮಿಟ್ ಆದ ಮೇಲೂ, ಹೊಸದಾಗಿ ಸಿಕ್ಕ ಹಕ್ಕನ್ನ ತಕ್ಷಣ ಚಲಾಯಿಸೋ ಹಾಗಿಲ್ಲ, ಎದುರಿನವರಿಗೆ ತಪ್ಪಿಸ್ಕೊಳ್ಳೋಕೆ ಮೊದಲು ಜಾಗ ಕೊಡಬೇಕು ಅಂತ ನಿಯಮ 15 ಹೇಳುತ್ತೆ.

'ದಾರಿ ಬಿಡೋದು' ಅಂದ್ರೆ ಡಿಕ್ಕಿ ಆಗದೇ ಇರೋದು ಅಂತ ಮಾತ್ರ ಅಲ್ಲ. ಹಕ್ಕಿರುವ ದೋಣಿ ತನ್ನ ಪಾಡಿಗೆ ನೆಟ್ಟಗೆ ಹೋಗೋ ಹಾಗಿರಬೇಕು. ನಿಮ್ಮಿಂದಾಗಿ ಅದು ಚುಕ್ಕಾಣಿ ತಿರುಗಿಸಬೇಕಾಗಿ ಬಂತು ಅಂದ್ರೆ ತಪ್ಪು ನಡೆದುಹೋಯ್ತು. ಬಣ್ಣ ಕೂಡ ತಾಗಿರಬೇಕಿಲ್ಲ.

ಈಗ ಸಿಡ್ನಿಗೆ ವಾಪಸ್ ಬರೋಣ. ರೇಸ್ ಶುರುವಾಗಿ ಸ್ವಲ್ಪ ಹೊತ್ತಾಗಿದೆ, ದೋಣಿಗಳು ಇನ್ನೂ ಬಂದರಿನಿಂದ ಹೊರಗೆ ಹೋಗ್ತಿವೆ. ಕೊಮಾಂಚಿ ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿದೆ. ವೈಲ್ಡ್ ಓಟ್ಸ್ ಪೋರ್ಟ್ ಟ್ಯಾಕ್‌ನಲ್ಲಿ ಅಡ್ಡ ಬರ್ತಿದೆ. ಎರಡೂ ನೂರು ಅಡಿ, ಅಂದರೆ 30 ಮೀಟರ್ ಉದ್ದದ ದೈತ್ಯ ದೋಣಿಗಳು.

ಈ ಸ್ಥಿತಿಯಲ್ಲಿ ಪೋರ್ಟ್ ದೋಣಿಗೆ ಮೂರು ದಾರಿ ಇರುತ್ತೆ. ಸಾಕಷ್ಟು ಮುಂದಿದ್ದರೆ ಎದುರಿನಿಂದ ದಾಟಿಹೋಗಬಹುದು. ಇಲ್ಲ ಸ್ವಲ್ಪ ತಿರುಗಿ ಎದುರಾಳಿಯ ಹಿಂದಿನಿಂದ ದಾಟಬಹುದು, ಅದರಲ್ಲಿ ಕೆಲವು ಸೆಕೆಂಡ್ ಹೋಗುತ್ತೆ. ಮೂರನೆಯದು, ಹತ್ತಿರ ಬರೋಕೆ ಮುಂಚೆ ತಾನೂ ಟ್ಯಾಕ್ ಮಾಡಿ ಸ್ಟಾರ್‌ಬೋರ್ಡ್‌ಗೆ ಬರೋದು. ಆಗ ಎದುರಾಳಿಯ ಮುಂದೆನೇ ಇದ್ದು ಅವನ ಗಾಳಿಯನ್ನೂ ಕೆಡಿಸಬಹುದು. ಲಾಭ ಹೆಚ್ಚು, ಆದರೆ ಟೈಮಿಂಗ್ ತಪ್ಪಿದರೆ ನಿಯಮ 13ಕ್ಕೆ ಸಿಕ್ಕಿಬೀಳ್ತೀರಿ.

ವೈಲ್ಡ್ ಓಟ್ಸ್ ಮಾಡಿದ್ದು ಮೂರನೆಯದು, ಅದೂ ತೀರಾ ಹತ್ತಿರದಲ್ಲಿ. 12 ನಾಟ್ ವೇಗ ಅಂತ ಹಿಡಿದರೆ ಸೆಕೆಂಡಿಗೆ ಆರು ಮೀಟರ್‌ಗೂ ಸ್ವಲ್ಪ ಹೆಚ್ಚು. ಇಷ್ಟುದ್ದದ ದೋಣಿ ತನ್ನದೇ ಉದ್ದವನ್ನ ಐದು ಸೆಕೆಂಡ್‌ನಲ್ಲಿ ದಾಟುತ್ತೆ. ಒಂದಕ್ಕೊಂದು ಅಡ್ಡವಾಗಿ ಬರ್ತಿದ್ದರೆ ಅಂತರ ಇನ್ನೂ ಬೇಗ ಕರಗುತ್ತೆ, ಸೆಕೆಂಡಿಗೆ ಎಂಟೂವರೆ ಮೀಟರ್ ಮೇಲೆ. ಟ್ಯಾಕ್ ಮುಗಿಯೋಕೆ ಬೇಕಾದ ಆ ಕೆಲವೇ ಸೆಕೆಂಡ್‌ನಲ್ಲಿ ಎದುರಾಳಿ ನಿಮ್ಮ ಮೇಲೆ ಬಂದಿರ್ತಾನೆ. ಕೊಮಾಂಚಿ ಡಿಕ್ಕಿ ತಪ್ಪಿಸೋಕೆ ದಿಕ್ಕು ಬದಲಿಸಬೇಕಾಯ್ತು. ಡಿಕ್ಕಿ ಆಗಲಿಲ್ಲ. ಕೊಮಾಂಚಿಯವರು ಪ್ರೊಟೆಸ್ಟ್ ಮಾಡಿದರು.

ಈ ಪ್ರೊಟೆಸ್ಟ್ ಪದ್ಧತಿ ನಮ್ಮ ಕ್ರಿಕೆಟ್ ಕಣ್ಣಿಗೆ ವಿಚಿತ್ರ. ಇಂಥ ರೇಸಿನಲ್ಲಿ ಅಂಪೈರ್ ಬೆರಳೆತ್ತಿ ತೀರ್ಪು ಕೊಡಲ್ಲ. ಅನ್ಯಾಯ ಆಯ್ತು ಅಂದವರು 'ಪ್ರೊಟೆಸ್ಟ್' ಅಂತ ಕೂಗಿ ಕೆಂಪು ಬಾವುಟ ತೋರಿಸಬೇಕು, ದಡಕ್ಕೆ ಬಂದ ಮೇಲೆ ಬರೆದು ಕೊಡಬೇಕು. ತಪ್ಪು ಮಾಡಿದವರಿಗೂ ಒಂದು ದಾರಿ ಇದೆ: ಅಲ್ಲೇ ತಾನಾಗಿ ಎರಡು ಸುತ್ತು ಹಾಕಿ ದಂಡ ತೀರಿಸೋದು. ಎರಡು ಸುತ್ತು ಹಾಕಿದರೆ ಆ ತಪ್ಪಿನ ಲೆಕ್ಕ ಅಲ್ಲಿಗೆ ಮುಗಿಯುತ್ತೆ, ದಡದಲ್ಲಿ ಅದಕ್ಕೆ ಮತ್ತೆ ಶಿಕ್ಷೆ ಇಲ್ಲ.

ವೈಲ್ಡ್ ಓಟ್ಸ್ ಸುತ್ತು ಹಾಕಲಿಲ್ಲ. ಮುಂದಿನ ಮೂವತ್ತೆರಡು ಗಂಟೆಗೂ ಹೆಚ್ಚು ಸಮಯ ಎರಡೂ ದೋಣಿ ಸಮುದ್ರದಲ್ಲಿ ಸೆಣಸಿದವು. ಡಿಸೆಂಬರ್ 27ರ ರಾತ್ರಿ ಹತ್ತು ಗಂಟೆ ಸುಮಾರಿಗೆ ವೈಲ್ಡ್ ಓಟ್ಸ್ ಮೊದಲು ಬಂತು, ದಡದಲ್ಲಿ ಸಂಭ್ರಮ ಎಲ್ಲ ನಡೀತು. ಮಾರನೇ ದಿನ ಹೋಬಾರ್ಟ್‌ನಲ್ಲಿ ಅಂತಾರಾಷ್ಟ್ರೀಯ ಜ್ಯೂರಿ ಕೂತು ಪ್ರೊಟೆಸ್ಟ್ ಎತ್ತಿಹಿಡಿದು, ವೈಲ್ಡ್ ಓಟ್ಸ್ ಸಮಯಕ್ಕೆ ಒಂದು ಗಂಟೆ ಸೇರಿಸಿತು. 1 ದಿನ 8 ಗಂಟೆ 48:50 ಇದ್ದದ್ದು 1 ದಿನ 9 ಗಂಟೆ 48:50 ಆಯ್ತು. 26 ನಿಮಿಷ 34 ಸೆಕೆಂಡ್ ಮುಂದಿದ್ದವರು 33 ನಿಮಿಷ 26 ಸೆಕೆಂಡ್ ಹಿಂದೆ. ಮೊದಲ ಸ್ಥಾನವೂ, ಹೊಸ ರೆಕಾರ್ಡ್ ಕೂಡ ಕೊಮಾಂಚಿ ಹೆಸರಿಗೆ.

ಇಲ್ಲಿ ಲೆಕ್ಕ ಹಾಕಿ ನೋಡಿ. ಅಷ್ಟು ದೊಡ್ಡ ದೋಣಿಗೆ ಎರಡು ಸುತ್ತು ಅಂದ್ರೆ ಕೆಲವು ನಿಮಿಷದ ಕೆಲಸ. ಕೊನೆಯಲ್ಲಿ ಇದ್ದ ಮುನ್ನಡೆ 26 ನಿಮಿಷ. ಹಾಗೇ ಓಡಿದ್ದರೆ ಸುತ್ತು ಹಾಕಿಯೂ ಗೆಲ್ಲಬಹುದಿತ್ತು. ಆದರೆ ಬಂದರಿನೊಳಗೆ ನಿಂತ ಆ ಕ್ಷಣದಲ್ಲಿ ಮುಂದೆ ಎಷ್ಟು ಮುನ್ನಡೆ ಸಿಗುತ್ತೆ ಅಂತ ಯಾರಿಗೂ ಗೊತ್ತಿರಲ್ಲ. ನಾವು ತಪ್ಪೇ ಮಾಡಿಲ್ಲ ಅಂತ ನಂಬಿದ್ದರಂತೂ ಸುತ್ತು ಹಾಕೋ ಮಾತೇ ಬರಲ್ಲ. ಅಲ್ಲಿರೋ ಕಷ್ಟ ಅದೇ.

ಚಿಕ್ಕ ದೋಣಿ ಹೇಗೆ ಗೆಲ್ತು?

ಇನ್ನು ಇಚಿ ಬಾನ್. ಇದು 52 ಅಡಿ ದೋಣಿ, ಕೊಮಾಂಚಿ 100 ಅಡಿ. ನೀರಿನಲ್ಲಿ ಉದ್ದದ ದೋಣಿಗೆ ಸಹಜವಾಗಿಯೇ ವೇಗ ಹೆಚ್ಚು. ಹುಸೇನ್ ಸಾಗರದಲ್ಲಿ ಒಂದೇ ಮಾದರಿಯ ದೋಣಿಗಳ ರೇಸ್ ಆದರೆ ಮೊದಲು ಬಂದವರೇ ಮೊದಲು, ಲೆಕ್ಕ ಸುಲಭ. ಬೇರೆಬೇರೆ ಗಾತ್ರದವು ಒಟ್ಟಿಗೆ ಓಡಿದರೆ ದುಡ್ಡಿರೋರ ದೋಣಿಯೇ ಪ್ರತಿ ಸಲ ಗೆಲ್ಲುತ್ತೆ. ಅದಕ್ಕೇ ಸಮಯವನ್ನ ತಿದ್ದುವ ಪದ್ಧತಿ, ಹ್ಯಾಂಡಿಕ್ಯಾಪ್.

ಟ್ಯಾಟರ್‌ಸಾಲ್ ಕಪ್ ನಿರ್ಧಾರವಾಗೋದು ಐಆರ್‌ಸಿ ಅನ್ನೋ ಪದ್ಧತಿಯಲ್ಲಿ. ಇಂಗ್ಲೆಂಡ್ ಮತ್ತು ಫ್ರಾನ್ಸ್‌ನ ಎರಡು ಸಂಸ್ಥೆಗಳು ಸೇರಿ ನಡೆಸ್ತವೆ. ದೋಣಿಯ ಉದ್ದ, ತೂಕ, ನೀರಿನಲ್ಲಿ ಎಷ್ಟು ಆಳ ಇಳಿಯುತ್ತೆ, ಹಾಯಿಯ ಅಳತೆ ಎಲ್ಲ ತಗೊಂಡು ಅದಕ್ಕೊಂದು ಸಂಖ್ಯೆ ಕೊಡ್ತಾರೆ. ಅದರ ಹೆಸರು ಟಿಸಿಸಿ. ವೇಗದ ದೋಣಿಗೆ ದೊಡ್ಡ ಸಂಖ್ಯೆ. ಅಳತೆಗಳಿಂದ ಸಂಖ್ಯೆ ಹೇಗೆ ಬರುತ್ತೆ ಅನ್ನೋ ಸೂತ್ರವನ್ನ ಬೇಕಂತಲೇ ಗುಟ್ಟಾಗಿಟ್ಟಿದ್ದಾರೆ. ಗೊತ್ತಾದರೆ ಎಂಜಿನಿಯರುಗಳು ಸೂತ್ರಕ್ಕೆ ತಕ್ಕ ದೋಣಿ ಕಟ್ಟಿಬಿಡ್ತಾರೆ, ಟೆಸ್ಟ್ ಕೇಸ್ ನೋಡ್ಕೊಂಡು ಕೋಡ್ ಬರೆದ ಹಾಗೆ. ರೇಸ್ ಮುಗಿದ ಮೇಲಿನ ಲೆಕ್ಕ ಮಾತ್ರ ಒಂದೇ ಸಾಲು:

```
corrected = elapsed * TCC
```

ನಿಜವಾಗಿ ತಗೊಂಡ ಸಮಯವನ್ನ ಟಿಸಿಸಿಯಿಂದ ಗುಣಿಸೋದು. ಯಾರ ಉತ್ತರ ಕಡಿಮೆಯೋ ಅವರು ಗೆದ್ದರು. ಅರ್ಥ ಆಗಲಿ ಅಂತ ದುಂಡು ಸಂಖ್ಯೆ ತಗೊಳ್ತೀನಿ, ಇವು ಆ ದೋಣಿಗಳ ನಿಜವಾದ ಸಂಖ್ಯೆ ಅಲ್ಲ. ದೊಡ್ಡ ದೋಣಿಗೆ 1.900, ಮಧ್ಯಮ ದೋಣಿಗೆ 1.400 ಇರಲಿ.

ದೊಡ್ಡದು 33 ಗಂಟೆ 15 ನಿಮಿಷಕ್ಕೆ ಬಂತು, ಅಂದರೆ 1,995 ನಿಮಿಷ. 1.9ರಿಂದ ಗುಣಿಸಿದರೆ 3,790 ನಿಮಿಷ, ಸುಮಾರು 63 ಗಂಟೆ 10 ನಿಮಿಷ. ಈಗ ಮಧ್ಯಮ ದೋಣಿ ಎಷ್ಟು ತಡ ಮಾಡಬಹುದು? 3,790ನ್ನ 1.4ರಿಂದ ಭಾಗಿಸಿ: 2,707 ನಿಮಿಷ, 45 ಗಂಟೆ 7 ನಿಮಿಷ. ಅಂದ್ರೆ ದೊಡ್ಡ ದೋಣಿಯವರು ಬಂದು, ಊಟ ಮಾಡಿ, ಮಲಗಿ ಎದ್ದ ಮೇಲೂ, ಸುಮಾರು ಹನ್ನೆರಡು ಗಂಟೆಯಷ್ಟು ಅವಕಾಶ ಇವರಿಗಿದೆ. 44 ಗಂಟೆಗೆ ಬಂದರೆ ತಿದ್ದಿದ ಸಮಯ 61 ಗಂಟೆ 36 ನಿಮಿಷ, ಒಂದೂವರೆ ಗಂಟೆಗೂ ಹೆಚ್ಚಿನ ಅಂತರದಲ್ಲಿ ಗೆಲುವು. ದಡದಲ್ಲಿ ನಿಂತವರಿಗೆ ಮಾತ್ರ ಇದು ಹನ್ನೊಂದು ಗಂಟೆ ತಡವಾಗಿ ಬಂದ ದೋಣಿ.

ಮೂರನೇ ದಶಾಂಶ ಸ್ಥಾನ ಕೂಡ ಲೆಕ್ಕಕ್ಕೆ ಬರುತ್ತೆ. 44 ಗಂಟೆಯ ರೇಸಿನಲ್ಲಿ 0.001 ಅಂದ್ರೆ 158 ಸೆಕೆಂಡ್. ಸ್ವಲ್ಪ ದೊಡ್ಡ ಹಾಯಿ ಹಾಕಿಸಿ ಟಿಸಿಸಿ 0.005 ಏರಿತು ಅಂದ್ರೆ 13 ನಿಮಿಷ ಸಾಲ ಮಾಡಿದ ಹಾಗೆ. ಆ ಹಾಯಿ ನೀರಿನ ಮೇಲೆ ಅಷ್ಟನ್ನ ವಾಪಸ್ ಗಳಿಸಿಕೊಡುತ್ತಾ ಅಂತ ಯೋಚಿಸಿಯೇ ಕೊಳ್ಳಬೇಕು.

ಇಲ್ಲೊಂದು ದೊಡ್ಡ ಮಿತಿ ಇದೆ. ಈ ಗುಣಾಕಾರ ಎಲ್ಲರಿಗೂ ಒಂದೇ ಗಾಳಿ ಸಿಕ್ತು ಅಂತ ನಂಬಿ ನಡೆಯುತ್ತೆ. ಹನ್ನೊಂದು ಗಂಟೆ ಅಂತರದಲ್ಲಿ ಬರುವ ದೋಣಿಗಳಿಗೆ ಒಂದೇ ಗಾಳಿ ಎಲ್ಲಿಂದ ಬರಬೇಕು? ಹೋಬಾರ್ಟ್ ಇರೋದು ಡರ್ವೆಂಟ್ ನದಿಯ ಮೇಲೆ, ಅಲ್ಲಿ ರಾತ್ರಿ ಹೊತ್ತು ಗಾಳಿ ಬಿದ್ದುಹೋಗೋದು ಎಲ್ಲರಿಗೂ ಗೊತ್ತಿರೋ ವಿಷಯ. ನಮ್ಮ ಮಧ್ಯಮ ದೋಣಿ ನದಿಯ ಬಾಯಲ್ಲಿ ಎರಡು ಗಂಟೆ ಸಿಕ್ಕಿಕೊಂಡು 46 ಗಂಟೆಗೆ ಬಂತು ಅನ್ಕೊಳ್ಳಿ. 46ನ್ನ 1.4ರಿಂದ ಗುಣಿಸಿದರೆ 64 ಗಂಟೆ 24 ನಿಮಿಷ. ಸೋಲು. ಇಡೀ ರೇಸ್ ಚೆನ್ನಾಗಿ ನಡೆಸಿ ಕೊನೆಯ ಕೆಲವು ಮೈಲಿಯಲ್ಲಿ ಕಳ್ಕೊಂಡ ಹಾಗೆ. ಉಲ್ಟಾ ಕೂಡ ಆಗುತ್ತೆ: ದೊಡ್ಡವು ಗಾಳಿ ಇಲ್ಲದೆ ಒದ್ದಾಡಿ ಮುಗಿಸಿದ ಮೇಲೆ ಹಿಂದಿನಿಂದ ಹೊಸ ಗಾಳಿ ಬಂದು ಚಿಕ್ಕವನ್ನ ಹೊತ್ತು ತರಬಹುದು. 'ಈ ವರ್ಷ ದೊಡ್ಡ ದೋಣಿಗಳ ವರ್ಷ', 'ಚಿಕ್ಕ ದೋಣಿಗಳ ವರ್ಷ' ಅಂತ ರೇಸಿನವರು ಮಾತಾಡ್ಕೊಳ್ಳೋದು ಇದನ್ನೇ. ಹ್ಯಾಂಡಿಕ್ಯಾಪ್ ದೋಣಿಯ ಗಾತ್ರವನ್ನ ಸರಿದೂಗಿಸುತ್ತೆ, ಹವಾಮಾನವನ್ನಲ್ಲ.

ಮುಂದಿನ ಡಿಸೆಂಬರ್ 26ರಂದು ಈ ರೇಸ್ ಇಂಟರ್‌ನೆಟ್‌ನಲ್ಲಿ ನೋಡಿದರೆ ಹೀಗೆ ಮಾಡಿ. ಶುರುವಿನ ಅರ್ಧ ಗಂಟೆ ಬಿಡಬೇಡಿ, ದೋಣಿಗಳು ಒಂದಕ್ಕೊಂದು ಅತಿ ಹತ್ತಿರ ಇರೋದು ಆಗಲೇ. ಎರಡು ದೋಣಿ ಅಡ್ಡ ಬಂದಾಗ ಹಾಯಿ ಯಾವ ಕಡೆಗಿದೆ ನೋಡಿ: ಹಾಯಿ ಎಡಕ್ಕೆ ವಾಲಿದ್ದರೆ ಗಾಳಿ ಬಲದಿಂದ, ಅದು ಸ್ಟಾರ್‌ಬೋರ್ಡ್, ದಾರಿ ಅದರದ್ದು. ಯಾವುದಾದರೂ ದೋಣಿಯ ಹಿಂಭಾಗದಲ್ಲಿ ಕೆಂಪು ಬಾವುಟ ಕಂಡರೆ ಫಲಿತಾಂಶ ಇನ್ನೂ ಪಕ್ಕಾ ಅಲ್ಲ. ಮೊದಲ ದೋಣಿ ಗೆರೆ ದಾಟಿದಾಗ ಲ್ಯಾಪ್‌ಟಾಪ್ ಮುಚ್ಚಬೇಡಿ, ಅದರ ಸಮಯಕ್ಕೆ ಟಿಸಿಸಿ ಗುಣಿಸಿ, ಹಿಂದಿನವರ ಟಿಸಿಸಿಯಿಂದ ಭಾಗಿಸಿ ಬರೆದಿಟ್ಕೊಳ್ಳಿ. ಅಷ್ಟು ಗಂಟೆ ಒಳಗೆ ಅವರು ಬಂದರಾ ಇಲ್ವಾ ಅನ್ನೋದೇ ನಿಜವಾದ ಫೈನಲ್. ಆಗ ಕ್ಯಾಮೆರಾಗಳು ಎತ್ತಿಟ್ಟಾಗಿರುತ್ತೆ, ದೋಣಿ ಇನ್ನೂ ನೀರಲ್ಲಿರುತ್ತೆ.

ಪ್ರಶ್ನೆ ಇದ್ದರೆ ಕೆಳಗೆ ಬರೀರಿ. ಮುಂಬೈ, ಹೈದರಾಬಾದ್, ಚೆನ್ನೈನಲ್ಲಿ ಯಾರಾದರೂ ದೋಣಿ ನಡೆಸೋದು ಕಲಿತಿದ್ದರೆ ನಿಮ್ಮ ಮೊದಲ ಟ್ಯಾಕ್ ಹೇಗಾಯ್ತು ಅಂತಾನೂ ಹೇಳಿ. ಮುಂದಿನ ವಾರ ಸಿಗೋಣ.